ಬಿಸಿಲ ನಾಡಿನ ಚಾವಣಿಯೊಳಗಿನ ಇಬ್ಬನಿ

ತಿಕೋಟಾ ಭಾಗದ ಒಣದ್ರಾಕ್ಷಿ ಕೆಡದಂತೆ, ಬಣ್ಣ ಮಾಸದಂತೆ ಉಳಿಯುವುದು ಕೋಲ್ಡ್ ಸ್ಟೋರೇಜಿನ ತಂಪಿನಲ್ಲಿ. ಆ ಕೋಣೆಯ ಚಾವಣಿಗೆ ಥರ್ಮಾಕೋಲ್ ಹಾಸಿ, ತೇವ ತಡೆಯಲೆಂದು ಒಳಮೈಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಕೆಲಸ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಹಾಳೆ ಕೂತಿರುವ ಬದಿಯೇ ತಪ್ಪು. ಚಳಿನಾಡಿನ ಮನೆಗಳಲ್ಲಿ ಬೆಚ್ಚಗಿನ ಗಾಳಿ ಒಳಗಿರುತ್ತದೆ, ಹಾಗಾಗಿ ಹಾಳೆಯೂ ಒಳಗೇ ಇರಬೇಕು. ಶೀತಲ ಕೋಣೆಯಲ್ಲಿ ಎಲ್ಲವೂ ತಿರುವುಮುರುವು.

ಲೆಕ್ಕ ಸರಳ. ಗಾಳಿ ಯಾವ ಉಷ್ಣತೆಗೆ ತಣಿದರೆ ಅದರ ಆವಿ ನೀರಾಗುತ್ತದೋ ಅದೇ ಇಬ್ಬನಿ ಬಿಂದು. ತೇವಾಂಶ ಶೇ. 50ಕ್ಕಿಂತ ಹೆಚ್ಚಿದ್ದಾಗ, ನೂರಕ್ಕೆ ಎಷ್ಟು ಕಡಿಮೆ ಇದೆಯೋ ಅದನ್ನು ಐದರಿಂದ ಭಾಗಿಸಿ ಗಾಳಿಯ ಉಷ್ಣತೆಯಿಂದ ಕಳೆದರೆ ಸಾಕು. ಮಳೆಗಾಲದ ಒಂದು ಸಂಜೆ ಹೊರಗೆ 27 ಡಿಗ್ರಿ, ತೇವಾಂಶ ಶೇ. 75 ಎಂದುಕೊಳ್ಳಿ. ನೂರಕ್ಕೆ 25 ಕಡಿಮೆ, ಐದರಿಂದ ಭಾಗಿಸಿದರೆ 5; ಇಬ್ಬನಿ ಬಿಂದು 22 ಡಿಗ್ರಿ. ಕೋಣೆಯೊಳಗೆ 4 ಡಿಗ್ರಿ, ಥರ್ಮಾಕೋಲ್ 100 ಮಿಲಿಮೀಟರ್ ದಪ್ಪ. ಅಂದರೆ 23 ಡಿಗ್ರಿಯ ಇಳಿತ ಅಷ್ಟು ದಪ್ಪದಲ್ಲಿ ಹಂಚಿಹೋಗಿ, ಹೊರಮೈಯಿಂದ ಸುಮಾರು 22 ಮಿಲಿಮೀಟರ್ ಒಳಗೇ ಉಷ್ಣತೆ 22 ಡಿಗ್ರಿಗೆ ಬರುತ್ತದೆ. ಅಲ್ಲಿಂದಾಚೆಗಿನ ಪದರವೆಲ್ಲ ಇಬ್ಬನಿ ಬಿಂದುವಿಗಿಂತ ತಣ್ಣಗೆ. ಹೊರಗಿನಿಂದ ನುಸುಳಿದ ಆವಿ ಅಲ್ಲಿ ನೀರಾಗುತ್ತದೆ. ಒಳಗಿನ ಹಾಳೆ ಅದನ್ನು ಕೋಣೆಯ ಒಣಗಾಳಿಗೂ ಬಿಟ್ಟುಕೊಡದೆ ಹಿಡಿದಿಡುತ್ತದೆ.

ನಮ್ಮದು ಒಣ ಭೂಮಿ, ಇಲ್ಲಿಗೆ ಈ ಲೆಕ್ಕ ಯಾಕೆ ಎನ್ನಬಹುದು. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಮೇಲಿನ ಸುಲಭ ಸೂತ್ರ ನಡೆಯುವುದಿಲ್ಲ. ಪೂರ್ಣ ಸೂತ್ರದಲ್ಲಿ ಇಬ್ಬನಿ ಬಿಂದು ಸುಮಾರು 13 ಡಿಗ್ರಿ ಬರುತ್ತದೆ. ಮೈ ಸುಡುವ ಆ ಗಾಳಿಗೂ 4 ಡಿಗ್ರಿಯ ಕೋಣೆ ಸಾಕಷ್ಟು ತಣ್ಣಗೇ; ನೀರಾಗುವ ಜಾಗ ಹೊರಮೈಯಿಂದ 75 ಮಿಲಿಮೀಟರ್ ಆಳಕ್ಕೆ ಸರಿಯುತ್ತದೆ, ಅಷ್ಟೆ. ದಪ್ಪ ಹೆಚ್ಚಿಸಿದರಾಯಿತು ಎಂಬ ವಾದವೂ ನಿಲ್ಲುವುದಿಲ್ಲ. 150 ಮಿಲಿಮೀಟರ್ ಹಾಕಿದರೆ ಮಳೆಗಾಲದ ಆ ಗೆರೆ 22ರ ಬದಲು 33ಕ್ಕೆ ಹೋಗುತ್ತದೆ. ಕರೆಂಟ್ ಬಿಲ್ಲಿಗೆ ಒಳ್ಳೆಯದು, ತೇವಕ್ಕೆ ಮದ್ದಲ್ಲ.

ಈ ಲೆಕ್ಕಕ್ಕೂ ಮಿತಿಯುಂಟು. ನೀರು ಎಲ್ಲಿ ಕಟ್ಟಬಹುದೆಂದು ಅದು ಹೇಳುತ್ತದೆ, ಎಷ್ಟೆಂದು ಹೇಳುವುದಿಲ್ಲ. ಎಷ್ಟು ಎಂಬುದು ಹೊರಮೈಯ ಸೋರಿಕೆಯ ಮಾತು: ಬಿಟ್ಟ ಕೀಲು, ಲೈಟಿನ ವೈರು ತೂರಿದ ತೂತು, ಬೋಲ್ಟಿನ ಸುತ್ತಲಿನ ಸಂದು. ಅವುಗಳ ಮೂಲಕ ನುಗ್ಗುವ ಗಾಳಿ ಹೊತ್ತು ತರುವ ಆವಿಯ ಮುಂದೆ ಪದರದ ಮೂಲಕವೇ ಜಿನುಗುವ ಆವಿ ಅಲ್ಪ. ಕೀಲಿನಲ್ಲಿ ಹನಿ, ಉಬ್ಬಿದ ಒಳಹಾಳೆ, ಮೊದಲಿಗಿಂತ ಹೆಚ್ಚು ಹೊತ್ತು ಓಡುವ ಕಂಪ್ರೆಸರ್ ಕಂಡರೆ ಒಂದು ತುಂಡು ಥರ್ಮಾಕೋಲ್ ಕತ್ತರಿಸಿ, ಅದೇ ಅಳತೆಯ ಹೊಸ ತುಂಡಿನ ಜೊತೆ ತೂಗಿ ನೋಡಿ. ಹಳೆಯದು ಭಾರವಾಗಿದ್ದರೆ ಅದು ನೀರು ಕುಡಿದಿದೆ. ಆಗ ನೆನೆದ ಪದರ ತೆಗೆದು, ಹಾಳೆಯನ್ನು ಹೊರಮೈಗೆ ಹಾಕಿಸಿ, ಕೀಲುಗಳನ್ನೆಲ್ಲ ಮುಚ್ಚಿಸಿ. ಒಳಗೆ ಇನ್ನೊಂದು ಹಾಳೆ ಬೇಡ.