ಒಂದೇ ಕಂಪನಿ, ಎರಡು ಪುಸ್ತಕ: ಸ್ಟಾರ್ಟಪ್ ಕಥೆಗಳಲ್ಲಿ ಪಾಠವೆಷ್ಟು?

ಅಮೆರಿಕದ ಜ್ಯಾಪೋಸ್ ಅಂತರ್ಜಾಲದಲ್ಲಿ ಶೂ ಮಾರುವ ಕಂಪನಿ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಅದನ್ನು ಆರಂಭಿಸಿದರು. 2009ರಲ್ಲಿ ಅಮೆಜಾನ್ ಸುಮಾರು 120 ಕೋಟಿ ಡಾಲರ್ ಬೆಲೆಗೆ ಕೊಂಡುಕೊಂಡಿತು. ಈ ಗೆಲುವನ್ನು ಎರಡು ಜನಪ್ರಿಯ ಪುಸ್ತಕಗಳು ಹೇಳುತ್ತವೆ. ಒಂದು, ಕಂಪನಿಯ ಮುಖ್ಯಸ್ಥರಾಗಿದ್ದ ಟೋನಿ ಶೇ 2010ರಲ್ಲಿ ಬರೆದ ‘ಡೆಲಿವರಿಂಗ್ ಹ್ಯಾಪಿನೆಸ್’. ಇನ್ನೊಂದು, ಎರಿಕ್ ರೀಸ್ ಅವರ 2011ರ ‘ದಿ ಲೀನ್ ಸ್ಟಾರ್ಟಪ್’. ಉದ್ಯಮದ ಕನಸಿರುವ ಕಾಲೇಜು ವಿದ್ಯಾರ್ಥಿ ಇವೆರಡನ್ನೂ ಒಟ್ಟಿಗೆ ಓದುವುದು ಒಳ್ಳೆಯದು. ಗೆಲುವು ಒಂದೇ ಆದರೂ ಅದಕ್ಕೆ ಇವು ಕೊಡುವ ಕಾರಣಗಳು ಬೇರೆ ಬೇರೆ.

ರೀಸ್ ಹೇಳುವುದು ಆರಂಭದ ದಿನಗಳ ಕಥೆ. ಜನ ಕಾಲಿಗೆ ಹಾಕಿ ನೋಡದೆ ಶೂ ಕೊಳ್ಳುತ್ತಾರೆಯೇ ಎಂಬುದು ಸ್ವಿನ್‌ಮರ್ನ್ ಮುಂದಿದ್ದ ಪ್ರಶ್ನೆ. ಅವರು ಗೋದಾಮು ಕಟ್ಟಲಿಲ್ಲ, ದಾಸ್ತಾನು ತರಿಸಲಿಲ್ಲ. ಊರಿನ ಅಂಗಡಿಗಳಿಗೆ ಹೋಗಿ ಅಲ್ಲಿದ್ದ ಶೂಗಳ ಫೋಟೊ ತೆಗೆದು ಜಾಲತಾಣದಲ್ಲಿ ಹಾಕಿದರು. ಯಾರಾದರೂ ಆರ್ಡರ್ ಕೊಟ್ಟರೆ ಅದೇ ಅಂಗಡಿಯಿಂದ ಪೂರ್ತಿ ಬೆಲೆಗೆ ಕೊಂಡು ಕಳಿಸಿಕೊಟ್ಟರು. ಲಾಭ ಮಾಡುವುದು ಇಲ್ಲಿ ಉದ್ದೇಶವಾಗಿರಲಿಲ್ಲ. ಕಡಿಮೆ ಖರ್ಚಿನಲ್ಲಿ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ಮೊದಲು ಸಣ್ಣ ಪ್ರಯೋಗ, ಆಮೇಲೆ ಹೂಡಿಕೆ ಎಂಬುದು ರೀಸ್ ಇದರಿಂದ ತೆಗೆಯುವ ಪಾಠ.

ಶೇ ಹೇಳುವ ಕಥೆಯ ಕೇಂದ್ರದಲ್ಲಿ ಗ್ರಾಹಕ ಸೇವೆಯೂ ಕಂಪನಿಯ ಒಳಗಿನ ಸಂಸ್ಕೃತಿಯೂ ಇವೆ. ಸಾಗಣೆ ಉಚಿತ, ವಾಪಸಾತಿ ಉಚಿತ, ಫೋನಿನಲ್ಲಿ ಎಷ್ಟು ಹೊತ್ತಾದರೂ ಮಾತಾಡಲು ಸಿಬ್ಬಂದಿಗೆ ಸ್ವಾತಂತ್ರ್ಯ; ಗ್ರಾಹಕರು ಮತ್ತೆ ಮತ್ತೆ ಬಂದದ್ದು ಇದರಿಂದಲೇ ಎಂಬುದು ಅವರ ವಾದ. ಆದರೆ ಅದೇ ಪುಸ್ತಕದಲ್ಲಿ ಹಣದ ಕಥೆಯೂ ಇದೆ. ಶೇ ತಮ್ಮ ಮೊದಲ ಕಂಪನಿ ಲಿಂಕ್‌ಎಕ್ಸ್‌ಚೇಂಜನ್ನು 1998ರಲ್ಲಿ ಮೈಕ್ರೋಸಾಫ್ಟ್‌ಗೆ 26.5 ಕೋಟಿ ಡಾಲರ್‌ಗೆ ಮಾರಿದ್ದರು. ಡಾಟ್‌ಕಾಮ್ ಕುಸಿತದ ನಂತರ ಹೊರಗಿನವರು ಬಂಡವಾಳ ಹಾಕಲು ಹಿಂಜರಿದಾಗ ಜ್ಯಾಪೋಸ್‌ಗೆ ಉಸಿರು ಕೊಟ್ಟದ್ದು ಶೇ ಅವರ ಸ್ವಂತ ಹಣ. ಕೊನೆಗೆ ತಮ್ಮ ಲಾಫ್ಟ್ ಮನೆಯನ್ನೂ ಅವರು ನಷ್ಟಕ್ಕೆ ಮಾರಿದರು. 2003ರಲ್ಲಿ ಬ್ಯಾಂಕ್ ಸಾಲ ಸಿಕ್ಕಿದ ಮೇಲಷ್ಟೇ ಕಂಪನಿ ನಿರಾಳವಾಯಿತು.

ಹಾಗಾದರೆ ಜ್ಯಾಪೋಸ್ ಉಳಿದದ್ದು ಏತರಿಂದ? ಪ್ರಯೋಗವೇ, ಸೇವೆಯೇ, ಮುಳುಗುವ ಹೊತ್ತಿಗೆ ಕೈಹಿಡಿದ ದುಡ್ಡೇ? ಒಂದೇ ಕಂಪನಿಯ ಕಥೆಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಅದೇ ಕೆಲಸ ಮಾಡಿ ಸೋತವರನ್ನೂ ನೋಡಬೇಕಾಗುತ್ತದೆ. ನ್ಯೂಯಾರ್ಕಿನ ಕೋಜ್ಮೋ ಎಂಬ ಕಂಪನಿ ಸಣ್ಣಪುಟ್ಟ ಸಾಮಾನುಗಳನ್ನೂ ಒಂದು ಗಂಟೆಯೊಳಗೆ, ಸಾಗಣೆ ಶುಲ್ಕವಿಲ್ಲದೆ ಮನೆಗೆ ತಲುಪಿಸುತ್ತಿತ್ತು. ಗ್ರಾಹಕರು ಅದನ್ನು ತುಂಬ ಮೆಚ್ಚಿದ್ದರು. ಆದರೆ ಸಣ್ಣ ಆರ್ಡರಿನಲ್ಲಿ ಉಳಿಯುವ ಹಣಕ್ಕಿಂತ ಅದನ್ನು ತಲುಪಿಸುವ ಖರ್ಚೇ ಹೆಚ್ಚಾಗಿ, 2001ರ ಏಪ್ರಿಲ್‌ನಲ್ಲಿ ಕಂಪನಿ ಬಾಗಿಲು ಮುಚ್ಚಿತು. ಗ್ರಾಹಕರನ್ನು ಖುಷಿಪಡಿಸುವುದೊಂದೇ ಗೆಲುವಿಗೆ ಸಾಕಾಗುವುದಿಲ್ಲ ಎಂಬುದು ಇಲ್ಲಿ ಸ್ಪಷ್ಟ. ರೀಸ್ ಹೇಳಿದಂತೆ ಸಣ್ಣ ಪ್ರಯೋಗ ಮಾಡಿ, ಒಳ್ಳೆಯ ಉತ್ತರ ಪಡೆದು, ಆಮೇಲೂ ಮುಳುಗಿದವರು ಎಷ್ಟು ಮಂದಿ? ಅವರ ಬಗ್ಗೆ ಯಾರೂ ಪುಸ್ತಕ ಬರೆಯದ ಕಾರಣ ಆ ಲೆಕ್ಕ ಓದುಗರಿಗೆ ಸಿಗುವುದೇ ಇಲ್ಲ. ಹೀಗೆ ಉಳಿದವರನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವ ದೋಷಕ್ಕೆ ಸರ್ವೈವರ್‌ಶಿಪ್ ಬಯಾಸ್ ಎಂದು ಹೆಸರು.

ಈ ದೋಷ ಹೆಚ್ಚು ಹಾನಿ ಮಾಡುವುದು ಮನೆ ಮಾರಿದ ಪ್ರಸಂಗದಂಥ ಕಡೆ. ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ಮನೆ ಅಡವಿಟ್ಟು ಉದ್ಯಮ ಶುರುಮಾಡಿದವರು 100 ಜನ. ಅವರಲ್ಲಿ 10 ಮಂದಿ ಭಾರಿ ಶ್ರೀಮಂತರಾದರು, 90 ಮಂದಿ ಮನೆ ಕಳೆದುಕೊಂಡರು. ಕೈಯಲ್ಲಿದ್ದಷ್ಟೇ ಹಣ ಹಾಕಿದವರು ಇನ್ನು 100 ಜನ. ಅವರಲ್ಲಿ 2 ಮಂದಿ ಭಾರಿ ಶ್ರೀಮಂತರಾದರು, 60 ಮಂದಿ ಸಾಧಾರಣ ವ್ಯಾಪಾರ ನಡೆಸಿಕೊಂಡು ಬಂದರು, ಉಳಿದವರು ಮುಚ್ಚಿದರು. ಪುಸ್ತಕ ಬರುವುದು ಭಾರಿ ಗೆದ್ದ 12 ಮಂದಿಯ ಬಗ್ಗೆ ಮಾತ್ರ. ಆ 12ರಲ್ಲಿ 10 ಮಂದಿ ಮನೆ ಅಡವಿಟ್ಟವರು. ಓದಿದವರಿಗೆ ದೊಡ್ಡ ಸಾಹಸವೇ ಗೆಲುವಿನ ಗುಟ್ಟು ಅನ್ನಿಸುತ್ತದೆ. ಆದರೆ ಆ ದಾರಿ ಹಿಡಿದ ಹತ್ತರಲ್ಲಿ ಒಂಬತ್ತು ಮಂದಿ ಸೋತಿದ್ದಾರೆ. ಅಪಾಯ ಹೆಚ್ಚಿದಷ್ಟೂ ಫಲಿತಾಂಶ ಎರಡು ತುದಿಗೂ ಚದುರುತ್ತದೆ; ಓದುಗನ ಕಣ್ಣಿಗೆ ಬೀಳುವುದು ಮೇಲಿನ ತುದಿ ಮಾತ್ರ. ಶೇ ಮನೆ ಮಾರುವ ಹೊತ್ತಿಗೆ ಒಂದು ಕಂಪನಿಯನ್ನು ಮಾರಿ ಹೆಸರು, ಪರಿಚಯಗಳನ್ನು ಗಳಿಸಿಯಾಗಿತ್ತು. ಶಿಕ್ಷಣ ಸಾಲದಲ್ಲಿರುವ ವಿದ್ಯಾರ್ಥಿಗೆ ಆ ಪ್ರಸಂಗ ಮಾದರಿಯಾಗಲಾರದು.

ಆದರೆ ಇದೇ ಕಾರಣಕ್ಕೆ ರೀಸ್ ಅವರ ಪುಸ್ತಕವನ್ನೂ ಬದಿಗಿಡಬೇಕಿಲ್ಲ. ಅವರ ಸಲಹೆಯ ತಿರುಳಿಗೆ ಬೇರೊಂದು ಕಡೆಯಿಂದ ಪುರಾವೆ ಸಿಕ್ಕಿದೆ. ಆರ್ನಾಲ್ಡೊ ಕಾಮುಫೊ ಮತ್ತು ಸಂಗಡಿಗರು ಇಟಲಿಯ 116 ಹೊಸ ಸ್ಟಾರ್ಟಪ್‌ಗಳನ್ನು ಅದೃಷ್ಟದ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ತರಬೇತಿ ಕೊಟ್ಟರು. ಒಂದು ಗುಂಪಿಗೆ ಸಾಮಾನ್ಯ ಉದ್ಯಮ ತರಬೇತಿ ಸಿಕ್ಕಿತು. ಇನ್ನೊಂದು ಗುಂಪಿಗೆ ಅದರ ಜೊತೆಗೆ ತಮ್ಮ ಊಹೆಯನ್ನು ಸ್ಪಷ್ಟವಾಗಿ ಬರೆದಿಟ್ಟು, ಪರೀಕ್ಷೆಗೊಡ್ಡಿ, ಫಲಿತಾಂಶದ ಪ್ರಕಾರ ತೀರ್ಮಾನಿಸುವ ಕ್ರಮವನ್ನೂ ಕಲಿಸಲಾಯಿತು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎರಡನೆಯ ಗುಂಪಿನವರು ತಮ್ಮ ಯೋಜನೆಯನ್ನು ಹೆಚ್ಚಾಗಿ ಬದಲಿಸಿಕೊಂಡರು, ಆದಾಯವನ್ನೂ ಹೆಚ್ಚು ಗಳಿಸಿದರು. ಇಲ್ಲಿ ಸೋತವರೂ ಲೆಕ್ಕದಲ್ಲಿ ಸೇರಿದ್ದಾರೆ. ಹೋಲಿಸಿ ನೋಡಲು ಇನ್ನೊಂದು ಗುಂಪೂ ಇದೆ. ಜ್ಯಾಪೋಸ್ ಕಥೆಯಲ್ಲಿ ಇಲ್ಲದಿದ್ದದ್ದು ಇವೆರಡೇ.

ಪ್ರಯೋಗದ ಪಾಠಕ್ಕೂ ಮಿತಿಯಿದೆ. ಹಾಸ್ಟೆಲ್ ಹುಡುಗರಿಗೆ ಮನೆಯೂಟದ ಡಬ್ಬಿ ಒದಗಿಸುವ ಯೋಚನೆ ಇರುವ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬಹುದು. 30 ಜನರನ್ನು ‘ತಗೊಳ್ತೀರಾ?’ ಎಂದು ಕೇಳಿದರೆ ದಾಕ್ಷಿಣ್ಯಕ್ಕಾದರೂ ಬಹುತೇಕರು ಹೂಂ ಎನ್ನುತ್ತಾರೆ. ಒಂದು ವಾರದ ಹಣ ಮುಂಗಡ ಕೇಳಿದರೆ ನಿಜವಾದ ಬೇಡಿಕೆ ತಿಳಿಯುತ್ತದೆ. ಎಷ್ಟು ಜನ ಕೊಟ್ಟರೆ ಮುಂದುವರಿಯಬೇಕು ಎಂಬುದನ್ನು ಕೇಳುವ ಮೊದಲೇ ಬರೆದಿಟ್ಟಿರಬೇಕು. ಇಲ್ಲವಾದರೆ ಬಂದ ಸಂಖ್ಯೆ ಎಷ್ಟಿದ್ದರೂ ಸಾಕು ಅನ್ನಿಸಿಬಿಡುತ್ತದೆ. ಇಷ್ಟಾದರೂ ಈ ಪರೀಕ್ಷೆ ಹೇಳುವುದು ಬೇಡಿಕೆಯ ಬಗ್ಗೆ ಮಾತ್ರ. ಅಕ್ಕಿ, ಗ್ಯಾಸು, ಡಬ್ಬಿ ತಲುಪಿಸುವ ಹುಡುಗನ ಸಂಬಳ ಎಲ್ಲ ಕಳೆದು ಡಬ್ಬಿಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು. ಕೋಜ್ಮೋ ಎಡವಿದ್ದು ಬೇಡಿಕೆಯಲ್ಲಲ್ಲ, ಈ ಲೆಕ್ಕದಲ್ಲಿ.

ಎರಡು ಪುಸ್ತಕಗಳ ಬೆಲೆಯನ್ನು ಹೀಗೆ ಕಟ್ಟಬಹುದು. ‘ದಿ ಲೀನ್ ಸ್ಟಾರ್ಟಪ್’ ಕೊಡುವುದು ಒಂದು ವಿಧಾನ. ಅದನ್ನು ಸಣ್ಣ ಮೊತ್ತದಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು, ತಪ್ಪಾದರೆ ತಪ್ಪೆಂದು ಗೊತ್ತಾಗುತ್ತದೆ. ಅದರೊಳಗಿನ ಕಂಪನಿ ಕಥೆಗಳನ್ನು ಮಾತ್ರ ಉದಾಹರಣೆಯಾಗಿ ಓದಬೇಕು, ಪುರಾವೆಯಾಗಿ ಅಲ್ಲ. ‘ಡೆಲಿವರಿಂಗ್ ಹ್ಯಾಪಿನೆಸ್’ ಸಂಸ್ಕೃತಿಯ ಬಗ್ಗೆ ಮಾಡುವ ವಾದ ಅಷ್ಟು ಗಟ್ಟಿಯಲ್ಲ. ಕಂಪನಿ ಗೆದ್ದ ಮೇಲೆ ಅದರ ಎಲ್ಲ ಅಭ್ಯಾಸಗಳೂ ಗೆಲುವಿನ ಕಾರಣಗಳಂತೆ ಕಾಣುತ್ತವೆ. ಆದರೆ ಬೆಳೆಯುತ್ತಿರುವ ಕಂಪನಿಯೂ ನಗದಿಲ್ಲದೆ ಹೇಗೆ ಮುಳುಗುವ ಹಂತಕ್ಕೆ ಬರುತ್ತದೆ ಎಂಬುದನ್ನು ಅದು ಮುಚ್ಚಿಡದೆ ದಾಖಲಿಸಿದೆ. ವಿದ್ಯಾರ್ಥಿ ಅಲ್ಲಿ ಗುರುತು ಹಾಕಿಕೊಂಡು ಓದಬೇಕಾದದ್ದು ಆ ಪುಟಗಳನ್ನೇ.