ತಾರೀಖು ಗೊತ್ತು, ಬಾಕಿ ಗೊತ್ತಿಲ್ಲ

ಕರೆಂಟ್ ಬಿಲ್ಲು, ವಿಮೆಯ ಪ್ರೀಮಿಯಂ, ಸಾಲದ ಕಂತು ಮೂರನ್ನೂ ಫೋನಿನ ಕ್ಯಾಲೆಂಡರಿಗೆ ಹಾಕಿ, ‘ಪ್ರತಿ ತಿಂಗಳು’ ಎಂದು ಒತ್ತಿ ನಿಶ್ಚಿಂತರಾಗುವವರು ಬಹಳ ಮಂದಿ. ಆದರೆ ಈ ಆ್ಯಪ್‌ಗಳಿಗೆ ತಿಳಿಯುವುದು ತಾರೀಖು ಮಾತ್ರ. ಮೂರು ಬಾಕಿಗಳ ತಾರೀಖು ಮೂರು ಬಗೆಯಲ್ಲಿ ನಡೆದುಕೊಳ್ಳುತ್ತದೆ. ಹಾಗಾಗಿ ಒಂದೇ ಬಗೆಯ ರಿಮೈಂಡರ್ ಮೂರಕ್ಕೂ ಒಗ್ಗುವುದಿಲ್ಲ.

ಸಾಲದ ಕಂತಿನ ತಾರೀಖು ಅಲುಗಾಡುವುದಿಲ್ಲ. ಹಾಗಿದ್ದೂ ರಿಮೈಂಡರ್ ಹೆಚ್ಚು ವ್ಯರ್ಥವಾಗುವುದು ಇಲ್ಲೇ. ತಿಂಗಳ 5ಕ್ಕೆ 12,400 ರೂಪಾಯಿ ಕಂತು, ಖಾತೆಯಲ್ಲಿರುವುದು 11,900 ಎಂದುಕೊಳ್ಳಿ. 5ನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಫೋನು ಸದ್ದು ಮಾಡುತ್ತದೆ. ನ್ಯಾಚ್ ಮೂಲಕ ಹಣ ಕಡಿತಕ್ಕೆ ಬರುವುದು ಸಾಮಾನ್ಯವಾಗಿ ಬೆಳಿಗ್ಗೆಯೇ. ನೀವು ಬೇರೆ ಖಾತೆಯಿಂದ ಐನೂರು ಹಾಕುವ ಹೊತ್ತಿಗೆ ಕಂತು ಬೌನ್ಸ್ ಆಗಿರಬಹುದು. ಆಗ ನಿಮ್ಮ ಬ್ಯಾಂಕಿನದೊಂದು ಶುಲ್ಕ, ಸಾಲ ಕೊಟ್ಟವರದು ಇನ್ನೊಂದು. 5ನೇ ತಾರೀಖು ಭಾನುವಾರ ಬಂದರೆ ಒಂದು ದಿನ ಸಿಗುತ್ತದೆ ಎಂಬ ಹಳೆಯ ಲೆಕ್ಕವೂ ಈಗ ನಡೆಯದು. 2021ರ ಆಗಸ್ಟ್ 1ರಿಂದ ನ್ಯಾಚ್ ರಜಾದಿನಗಳಲ್ಲೂ ಕೆಲಸ ಮಾಡುತ್ತಿದೆ. ಕಂತನ್ನು ಬ್ಯಾಂಕೇ ಕತ್ತರಿಸಿಕೊಳ್ಳುವಾಗ ‘ಕಂತು ಕಟ್ಟು’ ಎಂದು ನೆನಪಿಸುವುದರಲ್ಲಿ ಅರ್ಥವಿಲ್ಲ. 3ನೇ ತಾರೀಖು ಸಂಜೆ ‘ಖಾತೆಯಲ್ಲಿ 12,400 ಇದೆಯೇ?’ ಎಂದು ಕೇಳಿದರೆ ಆ ರಿಮೈಂಡರಿಗೆ ಬೆಲೆ.

ಪ್ರೀಮಿಯಂ ವಿಷಯದಲ್ಲಿ ತೊಡಕು ಆ್ಯಪ್‌ನ ಒಳಗೇ ಇದೆ. ಆಗಸ್ಟ್ 31ಕ್ಕೆ ಶುರುವಾದ, ಆರು ತಿಂಗಳಿಗೊಮ್ಮೆ ಕಟ್ಟುವ ಪಾಲಿಸಿಯೊಂದನ್ನು ತೆಗೆದುಕೊಳ್ಳಿ. ಗೂಗಲ್ ಕ್ಯಾಲೆಂಡರಿನಲ್ಲಿ ಆಗಸ್ಟ್ 31ರ ಮೇಲೆ ‘6 ತಿಂಗಳಿಗೊಮ್ಮೆ’ ಎಂದು ಇಟ್ಟರೆ ಮುಂದಿನ ಸರದಿ ಫೆಬ್ರವರಿ 31. ಅಂಥ ದಿನವೇ ಇಲ್ಲ. ಕ್ಯಾಲೆಂಡರ್ ಅದನ್ನು 28ಕ್ಕೆ ಹಿಂದೆ ತರುವುದಿಲ್ಲ, ಆ ಸರದಿಯನ್ನೇ ಹಾರಿಸಿ ಮತ್ತೆ ಆಗಸ್ಟಿಗೆ ಹೋಗುತ್ತದೆ. ಇದು ಒಂದು ಆ್ಯಪ್‌ನ ಎಡವಟ್ಟಲ್ಲ. ಕ್ಯಾಲೆಂಡರ್‌ಗಳು ಪಾಲಿಸುವ ಐಕ್ಯಾಲ್ ಮಾನದಂಡದ ನಿಯಮವೇ ಹಾಗಿದೆ: ಇಲ್ಲದ ತಾರೀಖನ್ನು ಬಿಟ್ಟುಬಿಡು. ಪರಿಣಾಮವಾಗಿ ವರ್ಷಕ್ಕೆ ಎರಡು ಸಲ ಎಚ್ಚರಿಸಬೇಕಾದದ್ದು ಒಂದೇ ಸಲ ಎಚ್ಚರಿಸುತ್ತದೆ. ಎಲ್ಲಿಯೂ ‘ತಪ್ಪಿದೆ’ ಎಂಬ ಸೂಚನೆ ಬರುವುದಿಲ್ಲ. ಅರ್ಧವಾರ್ಷಿಕ ಪ್ರೀಮಿಯಂಗೆ 30 ದಿನಗಳ ಗ್ರೇಸ್ ಅವಧಿ ಇದ್ದರೂ, ಅದೂ ಮುಗಿದರೆ ಪಾಲಿಸಿ ಲ್ಯಾಪ್ಸ್. ಅನುಮಾನವಿದ್ದರೆ ಕ್ಯಾಲೆಂಡರಿನಲ್ಲಿ ಮುಂದಿನ ಫೆಬ್ರವರಿಯನ್ನು ತೆರೆದು ನೋಡಿ, ನಮೂದು ಕಾಣದಿದ್ದರೆ ಗೊತ್ತಾಗುತ್ತದೆ. ಪರಿಹಾರ ಸುಲಭ: ಆಗಸ್ಟ್ 20ಕ್ಕೊಂದು, ಫೆಬ್ರವರಿ 20ಕ್ಕೊಂದು, ಎರಡನ್ನೂ ‘ಪ್ರತಿ ವರ್ಷ’ ಎಂದು ಬೇರೆ ಬೇರೆಯಾಗಿ ಇಡುವುದು.

ಕರೆಂಟ್ ಬಿಲ್ಲಿನದು ಇನ್ನೊಂದು ಬಗೆ. ಇಲ್ಲಿ ತಾರೀಖನ್ನು ಗೊತ್ತುಮಾಡುವುದು ಮೀಟರ್ ರೀಡರ್ ಮನೆಗೆ ಬರುವ ದಿನ. ಅವರು ಎರಡು ದಿನ ತಡವಾಗಿ ಬಂದರೆ ಕಟ್ಟಲು ಕೊನೆಯ ದಿನವೂ ಮುಂದಕ್ಕೆ ಹೋಗುತ್ತದೆ. ಖಾಯಂ ರಿಮೈಂಡರ್ ಒಮ್ಮೆ ಬಿಲ್ಲು ಬರುವ ಮೊದಲೇ, ಇನ್ನೊಮ್ಮೆ ಕಟ್ಟಿ ಮುಗಿಸಿದ ಮೇಲೆ ಕೂಗುತ್ತದೆ. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಇದಕ್ಕೆ ಹೊಸದೊಂದು ಸಮಸ್ಯೆ ಸೇರಿದೆ. ತಿಂಗಳುಗಟ್ಟಲೆ ಸೊನ್ನೆ ಬಿಲ್ಲು ಬರುವ ಮನೆಯಲ್ಲಿ ರಿಮೈಂಡರನ್ನು ಓದದೆ ತಳ್ಳಿಹಾಕುವುದು ಬೆರಳಿಗೆ ರೂಢಿಯಾಗುತ್ತದೆ. ಬೇಸಿಗೆಯಲ್ಲಿ ಕೂಲರ್ ಓಡಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ. ಬೆರಳು ಆಗಲೂ ಅದನ್ನು ತಳ್ಳಿಯೇಬಿಡುತ್ತದೆ. ಆದ್ದರಿಂದ ಇಲ್ಲಿ ‘ಬಿಲ್ ಕಟ್ಟು’ ಎಂಬುದಕ್ಕಿಂತ, ರೀಡರ್ ಸಾಮಾನ್ಯವಾಗಿ ಬಂದುಹೋಗುವ ದಿನದ ಮೂರು ದಿನ ನಂತರ ‘ಬಿಲ್ಲು ಬಂತೇ, ಎಷ್ಟು?’ ಎಂದು ಕೇಳುವುದು ಮೇಲು. ಬಿಲ್ಲಿನಲ್ಲಿ ಮೊತ್ತ ಇದ್ದರೆ ಆ ತಿಂಗಳ ಮಟ್ಟಿಗೆ ಕೊನೆಯ ದಿನಕ್ಕೊಂದು ಬಿಡಿ ರಿಮೈಂಡರ್ ಇಟ್ಟರಾಯಿತು.

ಆ್ಯಪ್‌ನಲ್ಲಿ ಇವೆಲ್ಲವನ್ನೂ ಈವೆಂಟ್ ಆಗಿ ಇಡುವುದೋ, ಟಾಸ್ಕ್ ಆಗಿ ಇಡುವುದೋ ಎಂಬುದೂ ಮುಖ್ಯ. ಈವೆಂಟಿನ ಸೂಚನೆಯನ್ನು ಪಕ್ಕಕ್ಕೆ ಸರಿಸಿದರೆ ದಿನದೊಂದಿಗೆ ಅದೂ ಮುಗಿಯಿತು. ಟಾಸ್ಕ್ ಆದರೆ ‘ಆಯಿತು’ ಎಂದು ಗುರುತು ಹಾಕುವವರೆಗೆ ಪಟ್ಟಿಯಲ್ಲಿ ಉಳಿಯುತ್ತದೆ. ಬಾಕಿಗಳಿಗೆ ಒಪ್ಪುವುದು ಎರಡನೆಯದೇ. ಅದರಲ್ಲೂ ಒಂದು ಕೊರತೆ ಇದೆ. ಹಣ ಹೋಯಿತೇ ಇಲ್ಲವೇ ಎಂದು ಆ್ಯಪ್ ವಿಚಾರಿಸುವುದಿಲ್ಲ, ನಾವು ಹಾಕಿದ ಗುರುತನ್ನೇ ನಂಬುತ್ತದೆ. ರಸೀದಿಯ ಮೆಸೇಜು ಕಂಡ ಮೇಲಷ್ಟೇ ಗುರುತು ಹಾಕುವ ಶಿಸ್ತು ನಮ್ಮದೇ ಆಗಬೇಕು.

ಪುಕ್ಕಟೆ ಸಿಗುವ ಈ ಸಾಧನವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ, ಎರಡು ಸಲ ಬರುವ ಪ್ರೀಮಿಯಂಗೆ ಇದರಷ್ಟು ನೆರವಾಗುವುದು ಬೇರೊಂದಿಲ್ಲ. ಕಂತಿಗೆ ಎರಡು ದಿನ ಮೊದಲು ಇಟ್ಟರೆ ಸಾಕಷ್ಟು ಉಪಯೋಗ. ಕರೆಂಟ್ ಬಿಲ್ಲಿಗೆ ಮಾತ್ರ ಕಂಪನಿಯಿಂದ ಬರುವ ಮೆಸೇಜೇ ಇದಕ್ಕಿಂತ ವಾಸಿ.