ಬಲಗಡೆಯ ಅಂಕಿ

ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಳೆ ಕೈಗೆ ಸಿಕ್ಕಿದಾಗ ಹೆಚ್ಚಿನವರ ಕಣ್ಣು ಎಡಗಡೆಗೆ ಹೋಗುತ್ತದೆ. ಏನೇನು ಸಾಮಾನು ಒಯ್ದಿದ್ದಾರೆ, ಆಗ ಬೇಳೆಗೆ ಎಷ್ಟಿತ್ತು, ಬೆಲ್ಲಕ್ಕೆ ಎಷ್ಟಿತ್ತು ಎಂದು ನೋಡುವ ಆಸೆ ಸಹಜವೇ. ಹಳೆಯ ಹಾಳೆಗಳನ್ನು ಕೂಡಿಡುವವರಿಗೆ ನಾನು ಹೇಳುವುದು ಬೇರೆ: ಮೊದಲು ಬಲ ಅಂಚು ನೋಡಿ. ಅಲ್ಲಿ ಮೇಲಿನಿಂದ ಕೆಳಕ್ಕೆ ಇಳಿದುಬರುವ ಬಾಕಿ ಮೊತ್ತಗಳ ಸಾಲೇ ಹಾಳೆಯ ಬೆನ್ನುಮೂಳೆ. ಅದು ಅರ್ಥವಾದ ಮೇಲೆ ಎಡಗಡೆಯ ಗೀಚು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಂದೇ ಕೈ ಬರೆದಿದ್ದರೂ ಎರಡು ಬದಿಯ ಬರಹದ ರೀತಿಯೇ ಬೇರೆ. ಎಡಗಡೆ ಅವಸರ. ತೊಗರಿಬೇಳೆ ಎಂದರೆ ‘ತೊ’, ಕಡಲೆಬೇಳೆ ‘ಕ.ಬೇ’, ಉದ್ದಿನಬೇಳೆ ‘ಉ.ಬೇ’, ನಗದು ಸಾಲ ಕೊಟ್ಟಿದ್ದರೆ ಬರೀ ‘ನ’. ಬಲಗಡೆಗೆ ಬಂದ ಕೂಡಲೇ ಕೈ ನಿಧಾನವಾಗುತ್ತದೆ. ಅಂಕಿಗಳು ದೊಡ್ಡದಾಗುತ್ತವೆ, ಒಂದರ ಕೆಳಗೊಂದು ನೇರ ನಿಲ್ಲುತ್ತವೆ, ಕೊನೆಗೆ ಒಂದು ಓರೆಗೀಟು ಎಳೆದು ಅಡ್ಡಗೆರೆ ಹಾಕಿ ‘498/-’ ಎಂದು ಮುಚ್ಚುತ್ತಾರೆ. ಮಲೆನಾಡಿನ ಒಬ್ಬ ಹಿರಿಯ ಅಂಗಡಿಯವರನ್ನು ಇದರ ಬಗ್ಗೆ ಕೇಳಿದ್ದೆ. “ಏನು ತಗೊಂಡ್ರು ಅನ್ನೋದು ಅವರಿಗೂ ಗೊತ್ತಿರ್ತದೆ, ನಂಗೂ ಗೊತ್ತಿರ್ತದೆ ಮಾರಾಯ್ರೆ. ಜಗಳ ಆಗೋದು ಬಾಕಿ ಎಷ್ಟು ಅನ್ನೋದಕ್ಕೆ ಮಾತ್ರ” ಎಂದರು. ಸಾಮಾನಿನ ಹೆಸರು ನೆನಪಿಗೆ ಬಿಟ್ಟದ್ದು, ಮೊತ್ತ ಕಾಗದಕ್ಕೆ ಬಿಟ್ಟದ್ದು.

ಮೊತ್ತವನ್ನು ಹೀಗೆ ಮುಚ್ಚುವ ಅಭ್ಯಾಸ ಹಳೆಯದು. ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ಕಾಲು ರೂಪಾಯಿಗೆ ಒಂದು ನಿಂತ ಗೀಟು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. ಎರಡೂವರೆ ರೂಪಾಯಿಯನ್ನು ‘೨॥೦’ ಎಂದು ಬರೆಯುತ್ತಿದ್ದರು. ಕೊನೆಯ ಸೊನ್ನೆಗೆ ಬೆಲೆಯಿಲ್ಲ, ಕೆಲಸವಿದೆ: ಎರಡು ಗೀಟಿನ ಪಕ್ಕ ಇನ್ನೊಂದು ಗೀಟು ಸೇರಿಸಿ ಎರಡೂಮುಕ್ಕಾಲು ಮಾಡಲು ಅದು ಜಾಗ ಕೊಡುವುದಿಲ್ಲ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ಆಣೆಯ ಲೆಕ್ಕ ಹೋಯಿತು. ಗೀಟುಗಳು ಮಾತ್ರ ಎಲ್ಲ ಕಡೆಯೂ ಹೋಗಲಿಲ್ಲ. ಹಳೆಯ ಕೈಗಳು ಅವನ್ನು ಹಣದ ಕಡೆಯಿಂದ ಎತ್ತಿ ತೂಕದ ಕಡೆಗೆ ಇಟ್ಟುಕೊಂಡವು. ಹಾಗಾಗಿ 1990ರ ದಶಕದ ಹಾಳೆಯಲ್ಲೂ ‘ಬೆ ॥’ ಎಂದಿದ್ದರೆ ಅದು ಅರ್ಧ ಕಿಲೋ ಬೆಲ್ಲ. ಅಲ್ಲಿ ಮುಚ್ಚುವ ಸೊನ್ನೆ ಇಲ್ಲದಿರುವುದನ್ನು ಗಮನಿಸಿ. ತೂಕವನ್ನು ಯಾರೂ ತಿದ್ದಲು ಹೋಗುವುದಿಲ್ಲ, ತಿದ್ದಿದರೂ ಪಕ್ಕದ ಹಣವನ್ನು ತಿದ್ದದೆ ಪ್ರಯೋಜನವಿಲ್ಲ.

ನನ್ನ ಬಳಿ ಇರುವ ಒಂದು ಹಾಳೆಯನ್ನೇ ಬಿಡಿಸಿ ತೋರಿಸುತ್ತೇನೆ. ರದ್ದಿ ಅಂಗಡಿಯ ಕಟ್ಟಿನಲ್ಲಿ ಸಿಕ್ಕ ಉದ್ದ ಪುಸ್ತಕದ್ದು, 1998ರ ಜೂನ್ ತಿಂಗಳು. ನೆತ್ತಿಯಲ್ಲಿ ‘ಶ್ರೀ’, ಅದರ ಕೆಳಗೆ ಗಿರಾಕಿಯ ಹೆಸರು (ಅದನ್ನು ಯಾರಿಗೂ ತೋರಿಸುವುದಿಲ್ಲ), ಆಮೇಲೆ ‘ಹಿಂ.ಬಾ 412/-’, ಅಂದರೆ ಹಿಂದಿನ ಬಾಕಿ. ಮೂರನೇ ತಾರೀಕು ‘ಸ 2’ ಎಂದು 32 ರೂಪಾಯಿ, ‘ತೊ 1’ ಎಂದು 36. ಎರಡೂ ಕೂಡಿ 68, ಬಲಗಡೆ 480. ಏಳನೇ ತಾರೀಕು ‘ಸ 1’ಕ್ಕೆ 7, ‘ಸ 100’ಕ್ಕೆ 3, ‘ಬೆ ॥’ಗೆ 8. ಕೂಡಿದರೆ 18, ಬಲಗಡೆ 498.

ನಾಲ್ಕೇ ದಿನದ ಅಂತರದಲ್ಲಿ ‘ಸ’ ಮೂರು ಸಲ ಬಂದಿದೆ, ಮೂರಕ್ಕೂ ಬೇರೆ ಬೇರೆ ಅರ್ಥ. ಬಿಡಿಸುವುದು ದರದಿಂದ. ಮೊದಲನೆಯದು ಎರಡಕ್ಕೆ 32, ಒಂದಕ್ಕೆ 16; ಇದೇ ಪುಸ್ತಕದ ಬೇರೆ ಹಾಳೆಗಳಲ್ಲಿ ‘ಸಕ್ರೆ’ ಎಂದು ಬಿಡಿಸಿ ಬರೆದ ಕಡೆಯೂ ಕಿಲೋಗೆ 16 ಇರುವುದರಿಂದ ಅದು ಸಕ್ಕರೆ. ಎರಡನೆಯದು ಒಂದಕ್ಕೆ 7, ಆ ದರಕ್ಕೆ ಸಕ್ಕರೆ ಸಿಗದು. ಅದು ಸಾಬೂನು, ‘1’ ಎಂದರೆ ಕಿಲೋ ಅಲ್ಲ, ಒಂದು ಬಿಲ್ಲೆ. ಮೂರನೆಯದರಲ್ಲಿ 100 ಎನ್ನುವುದು ಗ್ರಾಮು. ನೂರು ಗ್ರಾಮು ಸಕ್ಕರೆಯಾಗಿದ್ದರೆ ಎರಡು ರೂಪಾಯಿಯೂ ಆಗುತ್ತಿರಲಿಲ್ಲ, ಆದ್ದರಿಂದ ಸಾಸಿವೆ. ಅಂಗಡಿಯವರು ಒಂದು ಅಕ್ಷರಕ್ಕೆ ಮೂರು ಕೆಲಸ ಕೊಟ್ಟು ನಿಶ್ಚಿಂತೆಯಿಂದ ಇರಲು ಸಾಧ್ಯವಾದದ್ದು ಪಕ್ಕದ ಹಣ ಕಾವಲಿಗೆ ಇದ್ದದ್ದರಿಂದ. ಪ್ರತಿ ಸಲವೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ಇದೇ ಪುಸ್ತಕದಲ್ಲಿ ‘ಕೊ’ ಎಂದು ಅಲ್ಲಲ್ಲಿ ಇದೆ. ಕೊಬ್ಬರಿಯೋ ಕೊತ್ತಂಬರಿಯೋ ಎಂದು ಪ್ರಮಾಣ ಬರೆಯದ ಕಡೆ ತೀರ್ಮಾನಿಸಲು ಆಗುವುದಿಲ್ಲ. ಅಂಥದ್ದನ್ನು ಹಾಗೆಯೇ ಬಿಡಬೇಕು, ಊಹಿಸಿ ತುಂಬಬಾರದು.

ಹನ್ನೆರಡಕ್ಕೆ ‘ನ 50’, ಜೊತೆಗೆ ‘ಮಗನ ಕೈ’ ಎಂದು ಚಿಕ್ಕದಾಗಿ ಬರೆದಿದೆ. ಕಿರಾಣಿ ಅಂಗಡಿ ಸಾಮಾನಷ್ಟೇ ಅಲ್ಲ, ಬಸ್ಸಿಗೋ ಔಷಧಿಗೋ ಕೈಗಡವನ್ನೂ ಕೊಡುತ್ತಿತ್ತು. ಸಾಮಾನು ಯಾರು ಒಯ್ದರು ಎಂದು ಎಲ್ಲೂ ಬರೆಯದವರು ನಗದು ಕೊಟ್ಟಾಗ ಮಾತ್ರ ಯಾರ ಕೈಗೆ ಎಂದು ಬರೆದಿದ್ದಾರೆ, ನೋಡಿ. ಅಲ್ಲಿಗೆ ಬಾಕಿ 548. ಹದಿನೈದಕ್ಕೆ ‘ಜಮೆ 200’, ಬಾಕಿ 348. ಹದಿನೆಂಟಕ್ಕೆ ‘ಅ 10’, ಹತ್ತು ಕಿಲೋ ಅಕ್ಕಿ, 145 ರೂಪಾಯಿ. ಬಲಗಡೆ 493. ಹಾಳೆ ಮುಗಿಯಿತು.

ಮಗುಚಿದರೆ ಮುಂದಿನ ಪುಟದ ತಲೆಯಲ್ಲಿ ‘ಹಿಂ.ಬಾ 439/-’.

ಇಂಥ ಪುಸ್ತಕಗಳಲ್ಲಿ ತಪ್ಪು ಹೆಚ್ಚಾಗಿ ಆಗುವುದು ಇದೇ ಜಾಗದಲ್ಲಿ, ಪುಟ ತಿರುಗುವಲ್ಲಿ. ಕೂಡುವಾಗ ಕಣ್ಣು ಅಂಕಿಯ ಮೇಲೇ ಇರುತ್ತದೆ. ಹಾಳೆ ಮಗುಚುವಾಗ ಅಂಕಿಯನ್ನು ಬಾಯಲ್ಲಿ ಹಿಡಿದುಕೊಂಡು ಹೋಗಬೇಕು, ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬೆಂಕಿಪೆಟ್ಟಿಗೆ ಕೇಳಿರುತ್ತಾನೆ. 493ಕ್ಕೂ 439ಕ್ಕೂ ವ್ಯತ್ಯಾಸ 54, ಒಂಬತ್ತಾರಲೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಹತ್ತರ ಮತ್ತು ಬಿಡಿಯ ಸ್ಥಾನಗಳು ಅದಲುಬದಲಾಗಿದ್ದರೆ ಒಂಬತ್ತರಿಂದ ಭಾಗಿಸಿದಾಗ ಬರುವುದೇ ಆ ಎರಡು ಅಂಕಿಗಳ ನಡುವಿನ ಅಂತರ. ಇಲ್ಲಿ 9 ಮತ್ತು 3, ಅಂತರ 6. ವ್ಯತ್ಯಾಸ ಒಂಬತ್ತರಿಂದ ಭಾಗವಾಗದಿದ್ದರೆ ಬೇರೆ ಕಡೆ ಹುಡುಕಬೇಕು. ಹಾಳೆಯಲ್ಲಿರುವ ಯಾವುದೋ ಒಂದು ಬಾಬ್ತಿನ ಹಣಕ್ಕೆ ಅದು ಸರಿಹೊಂದಿದರೆ ಆ ಬಾಬ್ತು ಬಿಟ್ಟುಹೋಗಿದೆ ಅಥವಾ ಎರಡು ಸಲ ಸೇರಿದೆ. ಯಾವುದೋ ಜಮೆಯ ಎರಡರಷ್ಟಿದ್ದರೆ, ಕಳೆಯಬೇಕಾದ ಜಮೆಯನ್ನು ಕೂಡಿದ್ದಾರೆ. ಈ ಹಾಳೆಯ 200ನ್ನು ಕೂಡಿದ್ದರೆ 400 ಏರುಪೇರಾಗುತ್ತಿತ್ತು. ಮೂರರಲ್ಲಿ ಯಾವುದೂ ಅಲ್ಲದಿದ್ದರೆ ಉಳಿಯುವ ದಾರಿ ಒಂದೇ, ಮೇಲಿನಿಂದ ಮತ್ತೆ ಕೂಡುವುದು.

439 ಎಂದಾದದ್ದರಿಂದ ನಷ್ಟ ಅಂಗಡಿಯವರಿಗೆ. ಮುಂದಿನ ಪುಟದಲ್ಲಿ ಮಾಮೂಲಿನ ಹಾಗೆ ಸಾಮಾನು ಹೋಗಿದೆ, ಮೊತ್ತಗಳೆಲ್ಲ 54 ಕಡಿಮೆಯಾಗಿಯೇ ಮುಂದುವರಿದಿವೆ. ಜುಲೈ ಮೊದಲ ವಾರದಲ್ಲಿ ಒಂದು ಸಾಲು ಸಿಗುತ್ತದೆ: ‘ತ.ಲೆ 54’. ಸಾಮಾನಿಲ್ಲ, ಪ್ರಮಾಣವಿಲ್ಲ. ತಪ್ಪಿದ ಲೆಕ್ಕ ಎಂದು ನಾನು ಓದಿಕೊಂಡಿದ್ದೇನೆ. ಹಿಂದಿನ ಯಾವ ಅಂಕಿಯನ್ನೂ ಅವರು ತಿದ್ದಿಲ್ಲ. 439ರ ಮೇಲೆ 493 ಬರೆಯಲಿಲ್ಲ, ನಡುವಿನ ಮೊತ್ತಗಳನ್ನು ಹೊಡೆದುಹಾಕಲಿಲ್ಲ. ಹೊಸ ಬಾಬ್ತಾಗಿ 54 ಬರೆದು ಬಾಕಿಗೆ ಕೂಡಿದ್ದಾರೆ. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ, ಗಿರಾಕಿಯ ಹೆಸರಿನ ಮೊದಲಕ್ಷರವಿದೆ. ಒಳ್ಳೆಯ ಲೆಕ್ಕದವರನ್ನು ನಾನು ಗುರುತಿಸುವುದು ಇಂಥ ಸಾಲಿನಿಂದ. ತಪ್ಪೇ ಇಲ್ಲದ ಪುಸ್ತಕಕ್ಕಿಂತ ತಪ್ಪನ್ನು ಹೀಗೆ ಬೆಳಕಿನಲ್ಲಿಟ್ಟು ಸರಿಮಾಡಿದ ಪುಸ್ತಕದ ಮೇಲೆ ನನಗೆ ನಂಬಿಕೆ ಹೆಚ್ಚು.

ಆ ಒಂದು ಮೊದಲಕ್ಷರದ ತೂಕ ಎಷ್ಟೆಂದು ತಿಳಿಯಬೇಕಾದರೆ ಕಾನೂನಿನ ಕಡೆ ತುಸು ತಿರುಗಬೇಕು. 1872ರ ಸಾಕ್ಷ್ಯ ಅಧಿನಿಯಮದ 34ನೇ ಕಲಮು ವ್ಯಾಪಾರದಲ್ಲಿ ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕವನ್ನು ಸಾಕ್ಷ್ಯವಾಗಿ ನೋಡಬಹುದು ಎಂದಿತು, ಆದರೆ ಅದೊಂದರ ಆಧಾರದಿಂದಲೇ ಯಾರ ಮೇಲೂ ಹೊಣೆ ಹೊರಿಸುವಂತಿಲ್ಲ ಎಂದೂ ಸೇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೇ ಮಾತು 28ನೇ ಕಲಮಾಗಿ ಉಳಿದಿದೆ. ಜೈನ್ ಹವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದೂ ಮೊದಲಕ್ಷರಗಳಲ್ಲಿ ಹೆಸರು ಬರೆದ ಕೈಬರಹದ ಲೆಕ್ಕವೇ. 1998ರ ತೀರ್ಪಿನಲ್ಲಿ ನ್ಯಾಯಾಲಯ ಸುರುಳಿ ತಂತಿಯ ನೋಟ್‌ಬುಕ್ಕುಗಳನ್ನು ‘ಪುಸ್ತಕ’ ಎಂದು ಒಪ್ಪಿತು, ಫೈಲಿನಲ್ಲಿದ್ದ ಬಿಡಿ ಹಾಳೆಗಳನ್ನು ಒಪ್ಪಲಿಲ್ಲ. ಪುಸ್ತಕ ಎಂದು ಒಪ್ಪಿದ್ದಕ್ಕೂ ಹೊರಗಿನ ಆಧಾರ ಬೇಕು ಎಂದಿತು. ಅಂದರೆ ನೂರಾರು ಸಾಲು ಅಂಗಡಿಯವರೇ ಬರೆದುಕೊಂಡಿದ್ದರೂ ಎದುರಿನವರ ಗುರುತಿನಂಥ ಹೊರಗಿನ ಆಧಾರ ಇಲ್ಲದೆ ಅದು ಪೂರ್ತಿಯಾಗದು. ಅವಧಿ ಮೀರುವ ಮೊದಲು ಗಿರಾಕಿ ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿದರೆ, 1963ರ ಕಾಲಮಿತಿ ಅಧಿನಿಯಮದ 18ನೇ ಕಲಮಿನಂತೆ ವಸೂಲಿಯ ಅವಧಿಯೂ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಹಳೆಯ ಪುಸ್ತಕಗಳಲ್ಲಿ ವರ್ಷಕ್ಕೊಮ್ಮೆ ಬಾಕಿಯ ಕೆಳಗೆ ಕಾಣುವ ಸಹಿಗೆ, ಹೆಬ್ಬೆಟ್ಟಿಗೆ ಇಂಥ ಬೆಲೆಯಿದೆ.

ಸುಳ್ಳು ಲೆಕ್ಕವೂ ಇದ್ದೇ ಇರುತ್ತಿತ್ತು, ಅದನ್ನು ಕಾಣುವುದೂ ಬಲಗಡೆಯಲ್ಲೇ. 1ನ್ನು 7 ಮಾಡುವುದು, 3ನ್ನು 8 ಮಾಡುವುದು ಸುಲಭ. ಆದರೆ ಒಂದು ಬಾಬ್ತನ್ನು ತಿದ್ದಿದರೆ ಅದರ ಕೆಳಗಿನ ಬಾಕಿ ಮೊತ್ತಗಳನ್ನೆಲ್ಲ ತಿದ್ದಬೇಕು. ಒಂದೇ ಪುಟದಲ್ಲಿ ಏಳೆಂಟು ಮೊತ್ತಗಳು ದಪ್ಪ ಕಂಡರೆ, ಅವೆಲ್ಲದರ ಶಾಯಿ ಒಂದೇ ಬಣ್ಣದ್ದಾಗಿದ್ದು ಎಡಗಡೆಯ ಶಾಯಿ ದಿನಕ್ಕೊಂದು ಬಗೆಯದಾಗಿದ್ದರೆ, ಆ ಸಾಲನ್ನು ಒಂದೇ ಸಲ ಕೂತು ಬರೆದಿದ್ದಾರೆ ಎಂದು ಅನುಮಾನಿಸಬಹುದು. ನಿಜವಾಗಿ ದಿನದಿನ ಕೂಡಿದ ಹಾಳೆಯಲ್ಲಿ ಸಾಮಾನಿನ ಶಾಯಿ ಬದಲಾದಂತೆ ಮೊತ್ತದ ಶಾಯಿಯೂ ಬದಲಾಗುತ್ತದೆ.

ಈಗ ಬಹಳ ಅಂಗಡಿಗಳಲ್ಲಿ ಬಾಕಿಯನ್ನು ಮೊಬೈಲ್ ಆಪ್‌ನಲ್ಲಿ ಇಡುತ್ತಾರೆ. ಮೊತ್ತ ಒತ್ತಿದರೆ ಗಿರಾಕಿಗೆ ಸಂದೇಶ ಹೋಗುತ್ತದೆ, ಕೂಡುವುದರಲ್ಲಿ ತಪ್ಪಾಗುವುದಿಲ್ಲ, ಪುಟ ತಿರುಗುವ ಅಪಾಯವೂ ಇಲ್ಲ. ಅಂಗಡಿಯವರ ಮಟ್ಟಿಗೆ ಇದು ಒಳ್ಳೆಯದೇ. ಸಾಮಾನಿನ ಹೆಸರು ಹಾಕುವ ಜಾಗ ಅದರಲ್ಲಿದ್ದರೂ ನಾನು ಕಂಡ ಅಂಗಡಿಗಳಲ್ಲಿ ಅದನ್ನು ತುಂಬುವವರು ಕಡಿಮೆ. ‘ಸ’, ‘ತೊ’, ‘ಮಗನ ಕೈ’ ಎಲ್ಲ ಉದುರಿ ಬಲಗಡೆಯ ಸಾಲು ಮಾತ್ರ ಉಳಿದಿದೆ.

ನನಗೆ ಸಿಗದೆ ಇರುವುದು ಇನ್ನೊಂದಿದೆ. ಇಂಥ ಖಾತೆಗೆ ಎರಡು ಪುಸ್ತಕ ಇರುತ್ತಿದ್ದವು, ಅಂಗಡಿಯದೊಂದು, ಗಿರಾಕಿಯ ಮನೆಯಲ್ಲಿ ಇರುವ ಕೈಪುಸ್ತಕ ಒಂದು. ಸಾಮಾನಿಗೆ ಹೋದಾಗ ಅದನ್ನು ಒಯ್ದು ಬರೆಸಿಕೊಂಡು ಬರಬೇಕಿತ್ತು. ಖಾತೆ ಚುಕ್ತಾ ಆದ ಮೇಲೆ ಮನೆಯವರು ಅದನ್ನು ಒಲೆಗೆ ಹಾಕುತ್ತಾರೆ, ಅಂಗಡಿಯದು ಮಾತ್ರ ರದ್ದಿಗೆ ಬಂದು ನಮ್ಮ ಕೈಸೇರುತ್ತದೆ. ಒಂದೇ ಖಾತೆಯ ಎರಡೂ ಪುಸ್ತಕ ನಿಮ್ಮ ಮನೆಯ ಅಟ್ಟದಲ್ಲೋ ನೆಂಟರ ಅಂಗಡಿಯಲ್ಲೋ ಉಳಿದಿದ್ದರೆ ದಯವಿಟ್ಟು ಬೇರೆ ಮಾಡಬೇಡಿ, ಪ್ಲಾಸ್ಟಿಕ್ ಅಂಟಿಸಬೇಡಿ, ನಡುವೆ ಸಿಕ್ಕಿಸಿದ ಚೀಟಿಗಳನ್ನು ತೆಗೆಯಬೇಡಿ. ಎರಡನ್ನೂ ಪಕ್ಕಪಕ್ಕ ತೆರೆದು, ಸಾಮಾನು ಬಿಟ್ಟು, ತಾರೀಕಿಗೆ ತಾರೀಕು ಬಾಕಿಯನ್ನು ಮಾತ್ರ ಹೋಲಿಸುತ್ತ ಹೋಗಿ. ಎರಡು ಅಂಕಿ ಬೇರೆಯಾದ ತಾರೀಕಿನಲ್ಲಿ ನಿಂತು, ಆ ದಿನದ ಎಡಗಡೆಯನ್ನು ಅಲ್ಲಿಂದ ಓದಲು ಶುರುಮಾಡಿ.